ಚಳಿಗಾಲದ ಮೇವು, ಬೇಸಿಗೆಯ ಮಿತಿ: ಊರೊಟ್ಟಿನ ಹುಲ್ಲುಗಾವಲಿನ ವಾದ ಬೆಳೆದು ಬಂದ ಬಗೆ

ಆಕ್ಸ್‌ಫರ್ಡ್‌ನಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ವಿಲಿಯಂ ಫಾರ್ಸ್ಟರ್ ಲಾಯ್ಡ್ 1833ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಒಂದು ಪ್ರಶ್ನೆಯನ್ನು ಎತ್ತಿದ್ದರು. ಊರೊಟ್ಟಿನ ಹುಲ್ಲುಗಾವಲಿನಲ್ಲಿ ಮೇಯುವ ದನಗಳು ಬಡಕಲಾಗಿರುವುದೇಕೆ, ಪಕ್ಕದ ಬೇಲಿಯೊಳಗಿನ ನೆಲ ಹಾಗಿರದೆ ಇದೊಂದೇ ಬೋಳಾಗಿರುವುದೇಕೆ ಎಂಬುದು ಆ ಪ್ರಶ್ನೆ. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಜನಸಂಖ್ಯೆಯ ಬಗ್ಗೆ ಬರೆದ ಲೇಖನವೊಂದರಲ್ಲಿ ಇದೇ ಚಿತ್ರವನ್ನು ಬಳಸಿಕೊಂಡು, ಎಲ್ಲರಿಗೂ ತೆರೆದಿರುವ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದರು.

ಆ ವಾದದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. 20 ಮನೆಗಳ ತಲಾ 5 ಹಸುಗಳು, ಅಂದರೆ ಒಟ್ಟು 100 ಹಸುಗಳು, ದಿನಕ್ಕೆ ತಲಾ 4 ಲೀಟರ್ ಹಾಲು ಕೊಡುತ್ತಿವೆ ಎಂದುಕೊಳ್ಳೋಣ. ಒಬ್ಬಾತ ಇನ್ನೊಂದು ಹಸುವನ್ನು ಬಿಟ್ಟಾಗ ಹುಲ್ಲು ಸಾಲದೆ ಪ್ರತಿ ಹಸುವಿನ ಹಾಲು 3.9 ಲೀಟರಿಗೆ ಇಳಿದರೆ, ಆತನಿಗೆ 20 ಲೀಟರಿನ ಬದಲು 23.4 ಲೀಟರ್ ಸಿಗುತ್ತದೆ. ಊರಿನ ಒಟ್ಟು ಹಾಲು ಮಾತ್ರ 400ರಿಂದ 393.9 ಲೀಟರಿಗೆ ಕುಸಿಯುತ್ತದೆ. ಲಾಭವೆಲ್ಲ ಒಬ್ಬನದು, ನಷ್ಟದಲ್ಲಿ ಅವನ ಪಾಲು ಅಲ್ಪ. ಹೀಗಾಗಿ ಪ್ರತಿಯೊಬ್ಬರೂ ಇನ್ನೊಂದು ಹಸುವನ್ನು ಬಿಡುತ್ತಲೇ ಹೋಗುತ್ತಾರೆ. ನೆಲದಲ್ಲಿ ಇದರ ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ: ಕಚ್ಚಿದ ಹುಲ್ಲು ಚೇತರಿಸಿಕೊಳ್ಳುವ ಮೊದಲೇ ಮತ್ತೆ ಕಚ್ಚಿಸಿಕೊಂಡಾಗ ಅದರ ಬೇರು ಸೊರಗುತ್ತದೆ, ದನಗಳು ಇಷ್ಟಪಡುವ ಹುಲ್ಲು ಮೊದಲು ಕಣ್ಮರೆಯಾಗಿ ಅವು ಮೂಸದ ಕಳೆ ಹಬ್ಬುತ್ತದೆ, ಕೊನೆಗೆ ಗೊರಸು ತುಳಿದು ಗಟ್ಟಿಯಾದ ಬರಿ ಮಣ್ಣು ಉಳಿಯುತ್ತದೆ.

ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು ಅದರ ಹಿಂದಿನ ಊಹೆಯಲ್ಲಿ. ಹಸು ಬಿಡುವವನನ್ನು ಕೇಳುವವರು ಯಾರೂ ಇಲ್ಲ ಎಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಈ ಊಹೆ ಎಷ್ಟು ದುರ್ಬಲ ಎಂಬುದನ್ನು ತೋರಿಸುವುದು ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದ ಟೋರ್ಬೆಲ್ ಎಂಬ ಪರ್ವತಗ್ರಾಮ. ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಅದನ್ನು ಅಧ್ಯಯನ ಮಾಡಿದರು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಸಾಮೂಹಿಕ ಸಂಪನ್ಮೂಲಗಳ ನಿರ್ವಹಣೆಯ ಬಗೆಗಿನ ತಮ್ಮ 1990ರ ಗ್ರಂಥದಲ್ಲಿ ಅದನ್ನು ಮುಖ್ಯ ನಿದರ್ಶನಗಳಲ್ಲಿ ಒಂದಾಗಿಸಿದರು.

ಟೋರ್ಬೆಲ್‌ನ ಜನ 1483ರಲ್ಲೇ ಬೆಟ್ಟದ ಹುಲ್ಲುಗಾವಲು, ಕಾಡು ಮತ್ತು ಪಾಳುಭೂಮಿಯ ಬಳಕೆಗೆ ಒಂದು ಸಂಘವನ್ನು ಕಟ್ಟಿಕೊಂಡು, ಊರಿನಲ್ಲಿ ಜಮೀನು ಕೊಂಡ ಮಾತ್ರಕ್ಕೆ ಹೊರಗಿನವರಿಗೆ ಬೆಟ್ಟದ ಹಕ್ಕು ಸಿಗುವುದಿಲ್ಲ ಎಂದು ಬರೆದಿಟ್ಟರು. 1517ರ ಕಟ್ಟಳೆ ಇನ್ನೂ ಮುಖ್ಯವಾದದ್ದು: ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳಿಗಿಂತ ಹೆಚ್ಚನ್ನು ಯಾರೂ ಬೇಸಿಗೆಯಲ್ಲಿ ಬೆಟ್ಟಕ್ಕೆ ಅಟ್ಟುವಂತಿಲ್ಲ.

ಬೆಟ್ಟದ ಹುಲ್ಲು ಎಷ್ಟು ದನಗಳಿಗೆ ಸಾಲುತ್ತದೆ ಎಂದು ಅಳೆಯುವುದು ಕಷ್ಟ, ಏಕೆಂದರೆ ಅದು ಮಳೆ ಮತ್ತು ಹಿಮವನ್ನು ನೋಡಿಕೊಂಡು ವರ್ಷವರ್ಷಕ್ಕೆ ಬದಲಾಗುತ್ತದೆ. ಆದರೆ ಚಳಿಗಾಲದ ಮೇವಿಗೆಂದು ಒಬ್ಬನ ಸ್ವಂತ ಗದ್ದೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲು ಎಷ್ಟು ಎಂಬುದು ನೆರೆಯವರಿಗೆಲ್ಲ ತಿಳಿದಿರುತ್ತದೆ. ಅಳೆಯಲಾಗದ ಮಿತಿಯನ್ನು ಕಣ್ಣಿಗೆ ಕಾಣುವ ಮಿತಿಗೆ ಕಟ್ಟಿಹಾಕಿದ್ದೇ ಈ ಕಟ್ಟಳೆಯ ಜಾಣತನ ಎಂದು ನನಗನ್ನಿಸುತ್ತದೆ. ಬೇಸಿಗೆಗೆಂದು ದನ ಕೊಂಡು, ಪುಕ್ಕಟೆ ಮೇಯಿಸಿ, ಚಳಿಗೆ ಮುಂಚೆ ಮಾರುವ ದಾರಿಯೂ ಇದರಿಂದ ಮುಚ್ಚಿತು.

ಜಾರಿಯ ವ್ಯವಸ್ಥೆಯೂ ಅಷ್ಟೇ ಗಟ್ಟಿಯಾಗಿತ್ತು. ಬೆಟ್ಟಕ್ಕೆ ಹೊರಟ ಹಸುಗಳನ್ನು ಕೂಡಲೇ ಎಣಿಸಲಾಗುತ್ತಿತ್ತು, ಮತ್ತು ಆ ಹಸುಗಳ ಹಾಲಿನ ಚೀಸ್ ಪ್ರತಿವರ್ಷ ಹಂಚಿಕೆಯಾಗುತ್ತಿದ್ದುದು ಆ ಎಣಿಕೆಯ ಮೇಲೆಯೇ. ಆದ್ದರಿಂದ ಹಸುವನ್ನು ಬಚ್ಚಿಟ್ಟವನಿಗೆ ಪಾಲೂ ಇರಲಿಲ್ಲ. ಮಿತಿ ಮೀರಿದವರಿಗೆ ದಂಡ ಹಾಕುವ ಅಧಿಕಾರಿ ಆ ದಂಡದ ಅರ್ಧವನ್ನು ತಾನೇ ಇಟ್ಟುಕೊಳ್ಳಬಹುದಾಗಿತ್ತು. ಕಾವಲು ಕಾಯುವ ಬೇಸರದ ಕೆಲಸಕ್ಕೆ ಇದಕ್ಕಿಂತ ಸರಳವಾದ ಕೂಲಿ ಸಿಗುವುದು ಕಷ್ಟ. ದಾರಿ ದುರಸ್ತಿಯಂಥ ಶ್ರಮವೂ ಅವರವರ ದನಗಳ ಸಂಖ್ಯೆಗೆ ತಕ್ಕಂತೆ ಬೀಳುತ್ತಿತ್ತು.

ಇದೇ ಊರಿನಲ್ಲಿ ಹೊಲ, ತೋಟ, ಹುಲ್ಲುಗದ್ದೆಗಳು ಖಾಸಗಿಯಾಗಿದ್ದವು ಎಂಬುದನ್ನು ಮರೆಯಬಾರದು. ಜನರಿಗೆ ಖಾಸಗಿ ಒಡೆತನ ಗೊತ್ತಿರಲಿಲ್ಲವೆಂದಲ್ಲ. ಇಳುವರಿ ಕಡಿಮೆಯಿದ್ದು, ಎಲ್ಲಿ ಯಾವಾಗ ಹುಲ್ಲು ಚಿಗುರೀತೆಂದು ಹೇಳಲಾಗದ ಬೆಟ್ಟವನ್ನು ತುಂಡು ಮಾಡಿದರೆ ಬೇಲಿಯ ಖರ್ಚೂ ಹುಟ್ಟುವುದಿಲ್ಲವೆಂದು ಅವರು ಅದನ್ನು ಒಟ್ಟಾಗಿ ಉಳಿಸಿಕೊಂಡರು.

ಈ ಕಟ್ಟಳೆಗೂ ಮಿತಿಗಳಿವೆ. ಹುಲ್ಲುಗದ್ದೆ ಹೆಚ್ಚಿದ್ದವನಿಗೆ ಬೆಟ್ಟದಲ್ಲೂ ಹೆಚ್ಚು ಪಾಲು ಸಿಗುತ್ತದೆ, ಗದ್ದೆಯಿಲ್ಲದವನು ಹೊರಗುಳಿಯುತ್ತಾನೆ. ಬೋಳಾಗದ ಹುಲ್ಲುಗಾವಲು ನ್ಯಾಯವಾಗಿ ಹಂಚಿದ್ದೇ ಆಗಿರಬೇಕೆಂದಿಲ್ಲ. ಹೊರಗಿನಿಂದ ಮೇವು ಕೊಂಡು ತರಲು ಆರಂಭಿಸಿದ ಕಡೆ ಕೊಟ್ಟಿಗೆಯ ಹುಲ್ಲಿಗೂ ಊರಿನ ನೆಲಕ್ಕೂ ಇದ್ದ ನಂಟು ಕಡಿದುಹೋಗುತ್ತದೆ, ಆಗ ದನಗಳ ಸಂಖ್ಯೆಯನ್ನೇ ನೇರವಾಗಿ ಗೊತ್ತುಪಡಿಸಬೇಕಾಗುತ್ತದೆ.

ತಾನು ಹೇಳಿದ್ದು ನಿರ್ವಹಣೆಯಿಲ್ಲದ ಸಾಮೂಹಿಕ ನೆಲದ ಬಗ್ಗೆ ಎಂದು ಹಾರ್ಡಿನ್ 1990ರ ದಶಕದಲ್ಲಿ ತಿದ್ದಿಕೊಂಡರು. ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ನಂತರ ಪ್ರಶ್ನೆಯ ರೂಪವೇ ಬದಲಾಗಿದೆ: ನೆಲ ಯಾರದು ಎಂಬುದಕ್ಕಿಂತ ಮೊದಲು, ದನಗಳನ್ನು ಎಣಿಸುವವರು ಯಾರು, ಎಣಿಕೆ ತಪ್ಪಿದಾಗ ದಂಡ ಹಾಕುವವರು ಯಾರು ಎಂದು ಈಗ ಕೇಳಲಾಗುತ್ತದೆ.