ಫೋಟೋ ನೋಡದೇ ಅನುವಾದ ಮಾಡಿದ ಆಲ್ಟ್ ಟೆಕ್ಸ್ಟ್

ನನ್ನ ಮೇಲ್‌ಗೆ ತಿಂಗಳಿಗೆ ಒಂದಾದ್ರೂ ಇಂಥಾ ಎಕ್ಸೆಲ್ ಶೀಟ್ ಬರ್ತದ. ಮೊದಲನೇ ಕಾಲಮ್‌ದಾಗ ಫೈಲ್ ಹೆಸರು, ಎರಡನೇದ್ರಾಗ ಇಂಗ್ಲಿಷ್ ಆಲ್ಟ್ ಟೆಕ್ಸ್ಟ್, ಮುಂದಿನ ಎರಡು ಕಾಲಮ್ ಖಾಲಿ, ಮ್ಯಾಲ ಕನ್ನಡ, ಉರ್ದು ಅಂತ ಬರದಿರ್ತಾರ. ಕೆಳಗ ಒಂದು ಸಾಲು, "ಸರ್ ಇವಿಷ್ಟು ಟ್ರಾನ್ಸ್‌ಲೇಟ್ ಮಾಡಿಸಿ ಕೊಡ್ರಿ, ನಾಳೆ ಸೈಟ್ ಲೈವ್ ಆಗೋದದ". ಫೋಟೋ ಒಂದೂ ಇರಂಗಿಲ್ಲ. ಫೋಟೋ ಕಳಸ್ರಿ ಅಂದ್ರ ಅವರಿಗೆ ಆಶ್ಚರ್ಯ, "ಬರೇ ಟೆಕ್ಸ್ಟ್ ಅದಲ್ರಿ, ಫೋಟೋ ಯಾಕ?" ಅಂತಾರ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗ ಸಾಕಾಗ್ಯದ, ಅದಕ್ಕ ಇವತ್ತು ಬರದೇ ಬಿಡ್ತೀನಿ.

ಆಲ್ಟ್ ಟೆಕ್ಸ್ಟ್ ಅಂದ್ರ ಕಣ್ಣು ಕಾಣದೋರಿಗೆ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್ ಓದಿ ಹೇಳೋ ಫೋಟೋದ ವಿವರಣೆ, ಅದನ್ನ ಖಾಲಿ ಬಿಟ್ಟರ ಏನಾಗ್ತದ ಅನ್ನೋದು ಈ ಕೆಲಸ ಮಾಡೋರಿಗೆ ಗೊತ್ತೇ ಅದ. ಬರೇ ಅಲಂಕಾರದ ಬಳ್ಳಿ, ಬಾರ್ಡರ್‌ಗೆ `alt=""` ಅಂತ ಕೊಟ್ಟು ಮುಗಸ್ರಿ, ಸ್ಕ್ರೀನ್ ರೀಡರ್ ಅದನ್ನ ಬಿಟ್ಟು ಮುಂದ ಹೋಗ್ತದ. ನಾ ಹೇಳಬೇಕಾಗಿರೋದು ಅರ್ಥ ಇರೋ ಫೋಟೋದ ಬಗ್ಗೆ, ಅದೂ ಒಂದೇ ಫೋಟೋ ಮೂರು ಭಾಷೆ ಪುಟದಾಗ ಬರೋ ಸೈಟ್ ಬಗ್ಗೆ.

ಬೀದರ್‌ದಾಗ ಬಿದ್ರಿ ಸಾಮಾನು ಮಾರೋ ಒಬ್ಬರ ಸೈಟ್ ಇತ್ತು. ಇಂಗ್ಲಿಷ್, ಕನ್ನಡ, ಉರ್ದು ಮೂರೂ ಅದಾವ. ಒಂದು ಪುಟದಾಗ ಸುರಾಹಿ ಹೆಂಗ ತಯಾರಾಗ್ತದ ಅಂತ ಐದು ಫೋಟೋ ಸಾಲಾಗಿ ಇಟ್ಟಿದ್ರು. ಮೂರನೇ ಫೋಟೋದ ಇಂಗ್ಲಿಷ್ ಆಲ್ಟ್ ಹಿಂಗಿತ್ತು: `Artisan working on a vase`. ಇದನ್ನ ಯಾರೋ ಶೀಟ್ ನೋಡಿ ಕನ್ನಡಕ್ಕ ತಂದಿದ್ರು, "ಕುಶಲಕರ್ಮಿ ಹೂದಾನಿಯ ಮೇಲೆ ಕೆಲಸ ಮಾಡುತ್ತಿದ್ದಾನೆ".

ಹೂದಾನಿ ಮ್ಯಾಲ ಹತ್ತಿ ಕುಂತು ಕೆಲಸ ಮಾಡಿದಂಗ ಕೇಳಸ್ತದ, ಅದೊಂದು ಬಿಡ್ರಿ. ಫೋಟೋ ತರಿಸಿ ನೋಡಿದ್ರ ಅದರಾಗ ಇರೋರು ಐವತ್ತು ದಾಟಿದ ಹೆಣ್ಣುಮಗಳು, ಕನ್ನಡಕ ಹಾಕ್ಯಾರ, ತೊಡಿ ಮ್ಯಾಲ ಸುರಾಹಿ ಮಲಗಿಸಿಕೊಂಡು ಕೆತ್ತಿದ ಗೆರೆಯೊಳಗ ಬೆಳ್ಳಿ ತಂತಿ ಸಣ್ಣ ಸುತ್ತಿಗಿಲೆ ಬಡದು ಕೂಡಸಲಿಕತ್ತಾರ. ಫೋಟೋದ ಕೆಳಗಿನ ಪ್ಯಾರಾ "ನಮ್ಮಲ್ಲಿ ಬೆಳ್ಳಿ ಕೂಡಿಸುವ ಕೆಲಸ ಪೂರ್ತಿ ಹೆಣ್ಣುಮಕ್ಕಳದೇ" ಅಂತ ಶುರುವಾಗ್ತದ. ಕಣ್ಣಿದ್ದೋರು ಫೋಟೋ ನೋಡ್ತಾರ, ಪ್ಯಾರಾ ಓದ್ತಾರ, ಎರಡೂ ಕೂಡ್ತಾವ. ನಮ್ಮ ಸೈಟ್‌ಗಳನ್ನ ಟೆಸ್ಟ್ ಮಾಡಿಕೊಡೋ ಕಲಬುರಗಿಯ ಟೀಚರ್ ಒಬ್ಬರಿದ್ದಾರ, ಅವರಿಗೆ ಕಣ್ಣು ಕಾಣಂಗಿಲ್ಲ, ಲ್ಯಾಪ್‌ಟಾಪ್‌ದಾಗ ಎನ್‌ವಿಡಿಎ, ಫೋನ್‌ದಾಗ ಟಾಕ್‌ಬ್ಯಾಕ್ ಅನ್ನೋ ಸ್ಕ್ರೀನ್ ರೀಡರ್ ಬಳಸ್ತಾರ. ಕನ್ನಡ ಪುಟ ಕೇಳಿ ಫೋನ್ ಮಾಡಿದ್ರು. "ಅಣ್ಣಾರ, ಪೂರಾ ಹೆಣ್ಣುಮಕ್ಕಳೇ ಮಾಡ್ತಾರ ಅಂತದ, ಮತ್ತ ಫೋಟೋದಾಗ ಯಾವನೋ ಗಂಡಸು ಕುಂತಾನಲ್ರಿ?"

ಇಂಗ್ಲಿಷ್ ಸಾಲಿನ್ಯಾಗ ಗಂಡಸು ಎಲ್ಲೂ ಇಲ್ಲ. ಆರ್ಟಿಸನ್ ಅಂದ್ರ ಗಂಡೂ ಆಗಬಹುದು ಹೆಣ್ಣೂ ಆಗಬಹುದು, ಕ್ರಿಯಾಪದಕ್ಕೂ ಲಿಂಗ ಇಲ್ಲ. ಕನ್ನಡದಾಗ ಆ ವಾಕ್ಯ ಮುಗಸಬೇಕಂದ್ರ ಮಾಡ್ತಿದ್ದಾನೆ, ಮಾಡ್ತಿದ್ದಾಳೆ, ಮಾಡ್ತಿದ್ದಾರೆ, ಈ ಮೂರರಾಗ ಒಂದನ್ನ ಆರಿಸಲೇಬೇಕು, ಆರಸಲಾರದೇ ಬಾಯಿ ಮುಚ್ಚಲಿಕ್ಕೆ ಬರಂಗಿಲ್ಲ. ಉರ್ದುದಾಗೂ ಅದೇ ಕಥಿ, ಕರ್ ರಹಾ ಹೈ ಅನಬೇಕೋ ಕರ್ ರಹೀ ಹೈ ಅನಬೇಕೋ, ಹಿರಿಯರಿದ್ರ ಕರ್ ರಹೀ ಹೈಂ. ಈ ನಿರ್ಧಾರಕ್ಕ ಬೇಕಾದ ಮಾಹಿತಿ ಇಂಗ್ಲಿಷ್ ಸಾಲಿನ್ಯಾಗ ಇಲ್ಲವೇ ಇಲ್ಲ, ಫೋಟೋದಾಗ ಮಾತ್ರ ಅದ. ಅನುವಾದ ಮಾಡೋ ಹುಡುಗನ ಮುಂದ ಫೋಟೋ ಇಲ್ಲ, ಅಂವ ಊಹೆ ಮಾಡ್ತಾನ, ಊಹೆ ಬಹಳ ಸಲ ಏಕವಚನದ ಗಂಡಸಿನ ಕಡೀಗೇ ಹೋಗ್ತದ. ಕಣ್ಣಿದ್ದೋರು ಆ ತಾಯಿನ್ನ ನೋಡಿದ ಕೂಡಲೇ ಮನಸ್ಸಿನ್ಯಾಗ ಬಹುವಚನ ಹಚ್ಚತಾರ. ಕಿವಿಲೆ ಓದೋರಿಗೆ ನಾವು "ಮಾಡುತ್ತಿದ್ದಾನೆ" ಕೊಟ್ಟಿವಿ. ಇದನ್ನ ಅನುವಾದದ ಸಣ್ಣ ತಪ್ಪು ಅನ್ನಲಿಕ್ಕೆ ನನಗ ಮನಸ್ಸಿಲ್ಲ, ಬ್ಯಾರೇನೇ ಒಬ್ಬ ಮನುಷ್ಯಾನ್ನ ತೋರಿಸಿದಂಗ ಆತು.

ಇದು ಲಿಂಗ, ಗೌರವಕ್ಕಷ್ಟೇ ಅಲ್ಲ. ಇಂಗ್ಲಿಷ್‌ದಾಗ ಸಿಸ್ಟರ್ ಅಂತ ಬರದ್ರ ಕನ್ನಡದಾಗ ಅಕ್ಕನೋ ತಂಗಿನೋ ಕೇಳಲೇಬೇಕು. ವಾಸ್ ಅಂದದ್ದು ಹೂದಾನಿನೋ ಸುರಾಹಿನೋ ನೋಡದೇ ಹೆಂಗ ಗೊತ್ತಾಗಬೇಕು? ಬೀದರ್ ಮಂದಿಗೆ ಸುರಾಹಿ ಅಂದ್ರ ಉದ್ದ ಕುತ್ತಿಗಿ, ದುಂಡನ್ನ ಹೊಟ್ಟಿ ಕಣ್ಣ ಮುಂದ ಬಂದುಬಿಡ್ತದ, ಒಂದು ಶಬ್ದದಾಗ ಕೆಲಸ ಮುಗೀತು. ಇಂಗ್ಲಿಷ್ ಪುಟ ಓದೋ ದೂರದ ಗಿರಾಕಿಗೆ ಆ ಶಬ್ದ ಗೊತ್ತಿರಲಿಕ್ಕಿಲ್ಲ, ಅಲ್ಲಿ ಆಕಾರ ಬಿಡಿಸಿ ಹೇಳಬೇಕಾಗ್ತದ. ಅದಕ್ಕೇ ಮೂರು ಭಾಷೆದಾಗ ಶಬ್ದ ಹೆಚ್ಚು ಕಡಿಮಿ ಆಗ್ತಾವ, ಆಗಲಿ, ಪುಟ ಮುಚ್ಚಿದ ಮ್ಯಾಲ ಮೂವರ ತಲಿಯೊಳಗೂ ಉಳಿಯೋ ಚಿತ್ರ ಒಂದೇ ಇರಬೇಕು.

ಆ ಪುಟದಾಗ ಇನ್ನೂ ಒಂದು ದೊಡ್ಡ ಎಡವಟ್ಟಿತ್ತು. ಎರಡನೇ, ಐದನೇ ಫೋಟೋ ಎರಡಕ್ಕೂ "ಕಪ್ಪು ಹೂದಾನಿ" ಅಂತ ಶುರುವಾಗೋ ಆಲ್ಟ್. ಬಿದ್ರಿ ಕೆಲಸ ನೋಡಿದೋರಿಗೆ ಇದು ಎಂಥಾ ತಪ್ಪು ಅಂತ ಗೊತ್ತಾಗ್ತದ. ಸತು ಹೆಚ್ಚು, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ದ ಸುರಾಹಿ ಮೊದಲು ಬೂದು ಬಣ್ಣದ್ದು. ಗೆರಿ ಕಾಣಲಿ ಅಂತ ಮೈಲುತುತ್ತದ ನೀರು ಒರಸ್ತಾರ, ಆಗ ಬರೋ ಕಪ್ಪು ತಾತ್ಕಾಲಿಕ. ಅದರ ಮ್ಯಾಲ ಕೆತ್ತಿ, ಬೆಳ್ಳಿ ಕೂಡಿಸಿ, ಅರ ಹಾಕಿ ತಿಕ್ಕಿದಾಗ ಆ ಕಪ್ಪು ಪೂರಾ ಹೋಗ್ತದ, ನಾಲ್ಕನೇ ಫೋಟೋದಾಗ ಸುರಾಹಿನೂ ಬೆಳ್ಳಗ ಬೆಳ್ಳಿನೂ ಬೆಳ್ಳಗ, ಹೂವಿನ ಬಳ್ಳಿ ಎಲ್ಲದ ಅಂತ ಹುಡುಕಬೇಕು. ಕಡೀಕೆ ಬೀದರ್ ಕೋಟಿ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿದ ಸುರಾಹಿಗೆ ಹಚ್ಚಿದಾಗ ಲೋಹ ಮಾತ್ರ ಕಡುಕಪ್ಪಾಗ್ತದ, ಬೆಳ್ಳಿ ಹಂಗೇ ಉಳೀತದ. ನಾಲ್ಕರಿಂದ ಐದಕ್ಕ ಹೋಗೋವಾಗ ಕಣ್ಣಿಗೆ ಬೀಳೋ ಬದಲಾವಣೆ ಇದೆ ನೋಡ್ರಿ, ಆ ಪುಟ ಮಾಡಿದ್ದೇ ಅದಕ್ಕ. ಹಂಗಾಗಿ ನಾಲ್ಕನೇದಕ್ಕ "ಅರ ಹಾಕಿ ತಿಕ್ಕಿದ ಸುರಾಹಿ, ಮೈಯೆಲ್ಲಾ ಬೆಳ್ಳಗೆ, ಬೆಳ್ಳಿಯ ಬಳ್ಳಿ ಕಂಡೂ ಕಾಣದಂತಿದೆ" ಅಂತ, ಐದನೇದಕ್ಕ "ಅದೇ ಸುರಾಹಿ ಕಡುಕಪ್ಪಾಗಿದೆ, ಬೆಳ್ಳಿಯ ಬಳ್ಳಿ ಎದ್ದು ಕಾಣುತ್ತಿದೆ" ಅಂತ ಬರದ್ವಿ. ಒಂಟಿ ಫೋಟೋ ಆಗಿದ್ರ, ಅಂಗಡಿ ಪುಟದಾಗ ಮಾರಲಿಕ್ಕೆ ಇಟ್ಟಿದ್ರ, ಇದೇ ಐದನೇ ಫೋಟೋಕ್ಕ ನಾ ಬ್ಯಾರೆ ಬರೀತಿದ್ದೆ.

ಮೂರನೇದಕ್ಕ ಕಡೀಗೆ ಹಾಕಿದ್ದು ಇದು:

```
<html lang="kn">
...
<img src="surahi-3.jpg"
 alt="ಸುರಾಹಿಯಲ್ಲಿ ಕೆತ್ತಿದ ಗೆರೆಗೆ ಬೆಳ್ಳಿ ತಂತಿ
 ಬಡಿದು ಕೂಡಿಸುತ್ತಿರುವ ಹಿರಿಯ ಹೆಣ್ಣುಮಗಳು">
```

ಕನ್ನಡದಾಗ ಕ್ರಿಯಾಪದ ಕಡೀಗೆ ಬರ್ತದ, ಸ್ಕ್ರೀನ್ ರೀಡರ್‌ಲೆ ಓದೋರು ಬಹಳ ಮಂದಿ ಮೊದಲಿನ ನಾಕು ಶಬ್ದ ಕೇಳಿ ಬೇಕೋ ಬ್ಯಾಡೋ ಅಂತ ಮುಂದ ಜಿಗೀತಾರ. ಅದಕ್ಕ ಸುರಾಹಿ, ಗೆರೆ, ಬೆಳ್ಳಿ ಮೊದಲೇ ಬರಂಗ ಮಾಡಿವಿ. "ಚಿತ್ರದಲ್ಲಿ" ಅಂತ ಶುರು ಮಾಡಬ್ಯಾಡ್ರಿ, ಅದು ಚಿತ್ರ ಅಂತ ಸ್ಕ್ರೀನ್ ರೀಡರ್ ತಾನೇ ಹೇಳ್ತದ.

ಮ್ಯಾಲಿನ `lang="kn"` ನೋಡದೇ ಬಿಡಬ್ಯಾಡ್ರಿ. ಇಂಗ್ಲಿಷ್ ಟೆಂಪ್ಲೇಟ್ ಕಾಪಿ ಮಾಡಿ ಕನ್ನಡ ಪುಟ ಮಾಡಿದಾಗ ಅಲ್ಲಿ `en` ಹಂಗೇ ಉಳಿದಿರ್ತದ, ಆಗ ಇಂಗ್ಲಿಷ್ ದನಿ ಕನ್ನಡ ಓದಲಿಕ್ಕೆ ಹೋಗ್ತದ, ಕೆಲವು ದನಿ ಕನ್ನಡ ಅಕ್ಷರ ಬಿಟ್ಟೇ ಹೋಗ್ತಾವ. ಉರ್ದು ಪುಟಕ್ಕ `lang="ur" dir="rtl"`. ಆಲ್ಟ್ ಒಳಗ ಟ್ಯಾಗ್ ಹಾಕಲಿಕ್ಕೆ ಬರಂಗಿಲ್ಲ, ಅಂದ್ರ ಒಂದು ಆಲ್ಟ್‌ದಾಗ ಅರ್ಧ ಕನ್ನಡ ಅರ್ಧ ಉರ್ದು ಲಿಪಿ ಬರದು ಇಲ್ಲಿಂದ ದನಿ ಬದಲಿ ಮಾಡು ಅಂತ ಹೇಳಲಿಕ್ಕೆ ದಾರಿ ಇಲ್ಲ. ಫೋಟೋದಾಗ ಉರ್ದು ಬರಹ ಇದ್ರ ಆಲ್ಟ್‌ದಾಗ ಅದರ ಅರ್ಥ ಕನ್ನಡದಾಗ ಕೊಡ್ರಿ, ಮೂಲ ಬರಹ ಬೇಕಾದ್ರ ಫೋಟೋ ಕೆಳಗ ಬ್ಯಾರೆ ಪ್ಯಾರಾದಾಗ `lang="ur"` ಹಚ್ಚಿ ಇಡ್ರಿ.

ಇನ್ನ ಆ ಶೀಟ್‌ದಾಗ 125 ಕ್ಯಾರೆಕ್ಟರ್ ಮಿತಿ ಇತ್ತು, ಅದಕ್ಕಿಂತ ಉದ್ದ ಆದ್ರ ಸಾಲು ಕತ್ತರಸ್ತಿದ್ರು. ಸೈಟ್ ಎಲ್ಲರಿಗೂ ಬಳಸಲಿಕ್ಕೆ ಬರಂಗ ಮಾಡಲಿಕ್ಕೆ ಇರೋ ಡಬ್ಲ್ಯುಸಿಎಜಿ ಮಾರ್ಗಸೂಚಿದಾಗ ಅಂಥಾ ಸಂಖ್ಯೆ ಇಲ್ಲ. ಕನ್ನಡಕ್ಕ ಅದು ಇನ್ನೂ ಅನ್ಯಾಯ, ಯಾಕಂದ್ರ "ಸ್ತ್ರೀ" ಬಾಯಿಲೆ ಒಂದೇ ಅಕ್ಷರ, ಎಕ್ಸೆಲ್‌ದಾಗ `LEN` ಹಾಕಿದ್ರ 6 ಅಂತದ. ಇಂಗ್ಲಿಷ್‌ಗೆ ಕೊಟ್ಟ ಅಳತಿ ಕನ್ನಡಕ್ಕ ಹಾಕಿದ್ರ ಮಾತು ನಡುವೇ ತುಂಡಾಗ್ತದ. ಚಿಕ್ಕದಿರಲಿ ಅನ್ನೋದು ಸರಿ, ಒಂದು ವಾಕ್ಯ ಸಾಕು ಅಂತ ನಾನೂ ಹೇಳ್ತೀನಿ, ಎಣಿಸಬೇಕಾದ್ರ ಗಟ್ಟಿಯಾಗಿ ಓದಿ ಉಸಿರು ಎಣಸ್ರಿ.

ನುಡಿಯ ಹಳೇ ಫಾಂಟ್‌ದಾಗ ಟೈಪ್ ಮಾಡಿ ಆಲ್ಟ್‌ದಾಗ ಪೇಸ್ಟ್ ಮಾಡೋರು ಇನ್ನೂ ಅದಾರ. ಪುಟದ ಮ್ಯಾಲ ಫಾಂಟ್ ಇರ್ತದ, ಕನ್ನಡದಂಗ ಕಾಣಸ್ತದ. ಆಲ್ಟ್‌ಗೆ ಫಾಂಟ್ ಇಲ್ಲ, ಕರ್ನಾಟಕ ಅನ್ನೋದು ಅಲ್ಲಿ `PÀ£ÁðlPÀ` ಆಗಿ ಕುಂತಿರ್ತದ, ಕೇಳೋರ ಕಿವಿಗೆ ಅದೇ ಬೀಳ್ತದ. ಯುನಿಕೋಡ್‌ದಾಗೇ ಟೈಪ್ ಮಾಡ್ರಿ.

ಈಗ ನಾವು ಮಾಡೋದು ಹಿಂಗ. ಯಾವ ಭಾಷೆದಾಗೂ ಆಲ್ಟ್ ಬರಿಯೋಕಿಂತ ಮೊದಲು ಫೋಟೋ ಮುಂದಿಟ್ಟುಕೊಂಡು ಒಂದು ಟಿಪ್ಪಣಿ ಮಾಡ್ತೀವಿ, ವಾಕ್ಯ ಅಲ್ಲ, ಬರೇ ಸಂಗತಿ. ಯಾರಿದ್ದಾರ, ಗಂಡೋ ಹೆಣ್ಣೋ, ವಯಸ್ಸು ಸುಮಾರು ಎಷ್ಟು, ಕೈಯಾಗ ಏನದ, ಕೆಲಸ ಯಾವ ಹಂತ, ಈ ಪುಟದಾಗ ಈ ಫೋಟೋ ಯಾಕ ಇಟ್ಟಾರ. ಗೊತ್ತಿಲ್ಲದ್ದನ್ನ ಗಿರಾಕಿಗೆ ಫೋನ್ ಮಾಡಿ ಕೇಳ್ತೀವಿ, ಮುಖ ಬಟ್ಟಿ ನೋಡಿ ಜಾತಿ ಧರ್ಮ ಊಹೆ ಮಾಡಿ ಬರಿಯಂಗಿಲ್ಲ. ಆಮ್ಯಾಲ ಆ ಟಿಪ್ಪಣಿ, ಫೋಟೋ ಎರಡೂ ಮೂರು ಭಾಷೆಯೋರಿಗೆ ಹೋಗ್ತಾವ, ಒಬ್ಬರದು ನೋಡಿ ಇನ್ನೊಬ್ಬರು ಬರಿಯೋದಿಲ್ಲ. ವರ್ಡ್‌ಪ್ರೆಸ್ ಇದ್ರ ಇನ್ನೊಂದು ಎಚ್ಚರ, ಫೋಟೋ ಪೋಸ್ಟ್‌ಗೆ ಹಾಕೋವಾಗಲೇ ಆಲ್ಟ್ ಕಾಪಿ ಆಗಿಬಿಡ್ತದ, ಆಮ್ಯಾಲ ಮೀಡಿಯಾ ಲೈಬ್ರರಿದಾಗ ತಿದ್ದಿದ್ರ ಹಳೇ ಪುಟ ತಿದ್ದಂಗಿಲ್ಲ, ಪುಟದಾಗೇ ಹೋಗಿ ತಿದ್ದಬೇಕು.

ಕಡೀಕೆ ಎನ್‌ವಿಡಿಎ ಹಾಕಿ `G` ಕೀ ಒತ್ತಿ ಒಂದೊಂದೇ ಚಿತ್ರಕ್ಕ ಹೋಗಿ ಕೇಳ್ತೀವಿ. ಮೂರೂ ಭಾಷೆ ಕೇಳಿದೋರಿಗೆ ಒಂದೇ ಪ್ರಶ್ನೆ ಕೇಳಿ ಉತ್ತರ ಕೂಡ್ತಾವೋ ಇಲ್ಲೋ ನೋಡ್ತೀವಿ. ಬಿದ್ರಿ ಪುಟ ತಿದ್ದಿದ ಮ್ಯಾಲ ಟೀಚರ್‌ಗೆ ಕಳಿಸಿದ್ದೆ, ಅವರು ಕನ್ನಡ, ಇಂಗ್ಲಿಷ್ ಎರಡೂ ಕೇಳಿ ಸಂಜಿಗೆ ಫೋನ್ ಮಾಡಿದ್ರು. "ಈಗ ಚಲೋ ಆಗ್ಯದ ಅಣ್ಣಾರ. ಆದ್ರ ಇಂಗ್ಲಿಷ್‌ದಾಗ ಆಕಿ ಕನ್ನಡಕ ಹಾಕ್ಯಾರ ಅಂತದ, ಕನ್ನಡದಾಗ ಇಲ್ಲಲ್ರಿ. ಅಷ್ಟು ಸಣ್ಣ ಗೆರಿಯೊಳಗ ತಂತಿ ಕೂಡಸ್ತಾರಲ್ಲ, ಆ ಕನ್ನಡಕ ಬೇಕಲ್ರಿ ನಮಗೂ." ಹೌದಿತ್ತು, ಟಿಪ್ಪಣಿದಾಗ ಬರದದ್ದು ಕನ್ನಡದಾಗ ಬಿಟ್ಟು ಹೋಗಿತ್ತು. ಅವತ್ತು ರಾತ್ರಿನೇ "ಕನ್ನಡಕ ಹಾಕಿದ ಹಿರಿಯ ಹೆಣ್ಣುಮಗಳು" ಅಂತ ತಿದ್ದಿ, ಉರ್ದು ಬರೆಯೋರಿಗೂ ಫೋನ್ ಹಚ್ಚಿ ಅವರದ್ರಾಗ ಅದೇನ್ರಿ ಅಂತ ಕೇಳಿದೆ.