ಫೋಟೊದಿಂದ ಹೊರಗುಳಿದ ಗೆರೆ

ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಳು. ಗೆಳತಿ ಗ್ರಾಫ್ ಹಾಳೆಯ ಮೇಲೆ ಬರೆದ ಹೈಡ್ರೋಜನ್ ಶಕ್ತಿಮಟ್ಟಗಳ ಚಿತ್ರ. ಅಡ್ಡಡ್ಡ ನಾಲ್ಕು ಗೆರೆ, ಮೇಲೆ ಹೋದಂತೆ ಒತ್ತೊತ್ತಾಗಿ. ಕೆಳಗಿನಿಂದ ಮೂರನೆಯ ಗೆರೆಯಿಂದ ಮೊದಲನೆಯದಕ್ಕೆ ಇಳಿಯುವ ಒಂದು ಬಾಣ. ಪಕ್ಕದ ಅಂಕಿಗಳು ಮಾತ್ರ ಫೋಟೊದಲ್ಲಿ ಬಿದ್ದಿರಲಿಲ್ಲ.

“ಮಾಮ, ತರಂಗದೂರ 103 ನ್ಯಾನೊಮೀಟರ್ ಬರ್ತಿದೆ. ಅದು ಅತಿನೇರಳೆ, ಕಣ್ಣಿಗೇ ಕಾಣಲ್ಲ. ಇವಳು ನೋಡಿದ್ರೆ ಬಾಣಕ್ಕೆ ನೀಲಿ-ಹಸಿರು ಬಣ್ಣ ಹಚ್ಚಿದ್ದಾಳೆ.”

ಅವಳ ಲೆಕ್ಕ ಸರಿಯಾಗಿತ್ತು. ಹೈಡ್ರೋಜನ್‌ನಲ್ಲಿ n ಎಂಬ ಮಟ್ಟದ ಶಕ್ತಿ −13.6/n² ಎಲೆಕ್ಟ್ರಾನ್ ವೋಲ್ಟ್. ಮೊದಲ ನಾಲ್ಕು ಮಟ್ಟಗಳು −13.6, −3.40, −1.51, −0.85. ಎಲೆಕ್ಟ್ರಾನ್ ಮೂರರಿಂದ ಒಂದಕ್ಕೆ ಇಳಿದರೆ 12.09 ಬೆಳಕಾಗಿ ಹೊರಬೀಳುತ್ತದೆ. 1240ನ್ನು ಅದರಿಂದ ಭಾಗಿಸಿದರೆ ತರಂಗದೂರ ನ್ಯಾನೊಮೀಟರಿನಲ್ಲಿ ಸಿಗುತ್ತದೆ: 103. ಎಡವಿದ್ದು ಅದಕ್ಕೂ ಮೊದಲು. ಕಣ್ಣಿಗೆ ಕಂಡ ಕೆಳಗಿನ ಗೆರೆಯೇ n = 1 ಎಂದುಕೊಂಡಿದ್ದಳು.

ಅದು ನಿಜವೇ ಎಂದು ಗೆರೆಗಳನ್ನೇ ಕೇಳಬಹುದು. ಫೋಟೊ ಪ್ರಿಂಟ್ ತೆಗೆದು ಸ್ಕೇಲ್ ಇಡಲು ಹೇಳಿದೆ. ಕೆಳಗಿನ ಎರಡು ಗೆರೆಗಳ ನಡುವೆ 57 ಮಿಲಿಮೀಟರ್, ಅದರ ಮೇಲಿನ ಅಂತರ 20. ಭಾಗಿಸಿದರೆ ಸುಮಾರು 2.9. ಕೆಳಗಿನದು ಒಂದನೆಯ ಮಟ್ಟವಾಗಿದ್ದರೆ ಅಂತರಗಳು 10.2 ಮತ್ತು 1.89, ಅನುಪಾತ 5.4 ಬರಬೇಕಿತ್ತು. ಎರಡನೆಯ ಮಟ್ಟವಾದರೆ 1.89 ಮತ್ತು 0.66, ಅನುಪಾತ 2.9. ಫೋಟೊ ಹಿಗ್ಗಲಿ, ಕುಗ್ಗಲಿ, ಈ ಅನುಪಾತ ಬದಲಾಗದು. ನನಗೆ ಈ ಉಪಾಯ ಇಷ್ಟವಾಗುವುದು ಇದಕ್ಕೇ: ಪರಮಾಣುವಿನ ಗುರುತು ಅಂಕಿಗಳಿಲ್ಲದೆಯೂ ಗೆರೆಗಳ ನಡುವಿನ ಜಾಗದಲ್ಲೇ ಉಳಿದಿರುತ್ತದೆ.

ಆದರೆ ಮೊಬೈಲ್ ಓರೆಯಾಗಿ ಹಿಡಿದಿದ್ದರೆ ಒಂದು ತುದಿಯ ಅಂತರಗಳು ಹಿಗ್ಗಿ ಅನುಪಾತ ಕೆಡುತ್ತದೆ. ಹಾಳೆಯ ಎಡಬಲ ಅಂಚುಗಳು ಫೋಟೊದಲ್ಲಿ ಸಮಾನಾಂತರವಾಗಿವೆಯೇ ಎಂದು ಮೊದಲು ನೋಡಬೇಕು, ಇಲ್ಲಿ ಇದ್ದವು. ಅಳತೆ ಲೆಕ್ಕಿಸದೆ ಅಂದಾಜಿಗೆ ಎಳೆದ ಚಿತ್ರಕ್ಕಂತೂ ಈ ಉಪಾಯ ನಡೆಯದು.

ಹಾಗಾದರೆ ಬಾಣ ಇಳಿದಿರುವುದು ನಾಲ್ಕರಿಂದ ಎರಡಕ್ಕೆ. −0.85ರಿಂದ −3.40 ಕಳೆದರೆ 2.55, ತರಂಗದೂರ 486 ನ್ಯಾನೊಮೀಟರ್. ಹೈಡ್ರೋಜನ್ ತುಂಬಿದ ವಿಸರ್ಜನ ನಳಿಕೆಯ ಬೆಳಕನ್ನು ಗ್ರೇಟಿಂಗ್ ಮೂಲಕ ನೋಡಿದರೆ ಕೆಂಪು ಗೆರೆಯ ಜೊತೆಗೆ ಕಾಣುವ ನೀಲಿ-ಹಸಿರು ಗೆರೆ ಇದೇ. ಆ ಕೆಂಪು ಮೂರರಿಂದ ಎರಡಕ್ಕೆ ಇಳಿದಾಗಿನದು, 656 ನ್ಯಾನೊಮೀಟರ್. ಚಿತ್ರದಲ್ಲಿ ಅದರ ಬಾಣ ಗಿಡ್ಡ, ತರಂಗದೂರ ಮಾತ್ರ ಉದ್ದ. ಶಕ್ತಿ ಕಡಿಮೆಯಾದಷ್ಟೂ ತರಂಗದೂರ ಹೆಚ್ಚು. ಬಾಣದ ಉದ್ದವನ್ನೇ ತರಂಗದ ಉದ್ದವೆಂದು ತಿಳಿದು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಸಂಜೆ ಗೆಳತಿಯಿಂದ ಪೂರ್ತಿ ಹಾಳೆಯ ಫೋಟೊ ಬಂತು. ಅಳತೆಗೆ ತಕ್ಕಂತೆ ಎಳೆದರೆ 10.2ರ ಅಂತರ ಹಾಳೆಯಲ್ಲಿ ಹಿಡಿಸದೆಂದು ಅವಳು ಅಂಕುಡೊಂಕು ಗುರುತು ಹಾಕಿ ಜಾಗ ಕತ್ತರಿಸಿದ್ದಳು. ಅದರ ಕೆಳಗೆ, ಮೊದಲ ಫೋಟೊದಲ್ಲಿ ಬಿಟ್ಟುಹೋಗಿದ್ದ ಐದನೆಯ ಗೆರೆ, ಪಕ್ಕದಲ್ಲಿ −13.6.