ನೆಗಡಿಯೋ, ಫ್ಲೂ ಜ್ವರವೋ, ಕೋವಿಡ್ಡೋ: ಪರೀಕ್ಷೆ ಯಾವಾಗ ಬೇಕು?

ಪ್ರಶ್ನೆ: ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ನನಗೆ ಇದ್ದಕ್ಕಿದ್ದಂತೆ ಚಳಿ ಬಂದು, ಸಂಜೆಯ ಹೊತ್ತಿಗೆ 102 ಡಿಗ್ರಿ ಜ್ವರ, ಮೈಕೈ ನೋವು, ಒಣ ಕೆಮ್ಮು ಶುರುವಾಯಿತು. ನನಗೆ 34 ವರ್ಷ, ಬೇರೆ ಕಾಯಿಲೆಯಿಲ್ಲ. ಬುಧವಾರ ರಾತ್ರಿ ನಮ್ಮ ಅಮ್ಮನಿಗೂ ಜ್ವರ ಬಂತು. ಅವರಿಗೆ 70 ವರ್ಷ, ಸಕ್ಕರೆ ಕಾಯಿಲೆಯಿದೆ. ಗುರುವಾರ ಬೆಳಿಗ್ಗೆ ಮನೆಯಲ್ಲೇ ಕಿಟ್‌ನಿಂದ ಅವರಿಗೆ ಕೋವಿಡ್ ಪರೀಕ್ಷೆ ಮಾಡಿದೆ, ನೆಗೆಟಿವ್ ಬಂತು. ಇದು ಬರೀ ಶೀತ ಎಂದುಕೊಳ್ಳಬಹುದೇ? — ರಾಜಾಜಿನಗರದ ಓದುಗರು

ಉತ್ತರ: ಸಾಮಾನ್ಯ ಶೀತವೆಂದು ಹೇಳಲು ನಿಮ್ಮ ವಿವರಣೆ ಹೊಂದುವುದಿಲ್ಲ. ಶೀತ ಮೆಲ್ಲಗೆ ಬರುತ್ತದೆ: ಮೊದಲು ಗಂಟಲು ಕೆರೆತ, ಮರುದಿನ ಸೀನು, ಆಮೇಲೆ ಮೂಗು ಸೋರುವುದು ಮತ್ತು ಕಟ್ಟುವುದು. ವಯಸ್ಕರಲ್ಲಿ ಜ್ವರ ಬರುವುದು ಅಪರೂಪ, ಬಂದರೂ ಸಣ್ಣದು. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ, ಜ್ವರ ಯಾವ ಹೊತ್ತಿಗೆ ಹತ್ತಿತೆಂದು ನೀವು ಹೇಳಿದಂತೆಯೇ ನೆನಪಿಟ್ಟು ಹೇಳುತ್ತಾರೆ. ವೈದ್ಯರು "ಯಾವಾಗ, ಹೇಗೆ ಶುರುವಾಯಿತು" ಎಂದು ಮೊದಲು ಕೇಳುವುದು ಇದಕ್ಕಾಗಿ.

ತೊಡಕಿರುವುದು ಕೋವಿಡ್‌ನಲ್ಲಿ. ವಾಸನೆ ಮತ್ತು ರುಚಿ ಹೋಗುವುದು 2020ರಲ್ಲಿ ಅದರ ದೊಡ್ಡ ಗುರುತಾಗಿತ್ತು, ಆದರೆ ಒಮಿಕ್ರಾನ್ ಬಂದ ಮೇಲೆ ಆ ಲಕ್ಷಣ ಕಡಿಮೆಯಾಗಿ, ಈಗ ಒಬ್ಬರಿಗೆ ಅದು ನೆಗಡಿಯಂತೆ, ಇನ್ನೊಬ್ಬರಿಗೆ ಫ್ಲೂನಂತೆ ಕಾಣಿಸುತ್ತದೆ. ಆದ್ದರಿಂದ ಲಕ್ಷಣಗಳಿಂದ ಶೀತವನ್ನು ಒಂದು ಮಟ್ಟಿಗೆ ಬೇರ್ಪಡಿಸಬಹುದೇ ಹೊರತು, ಫ್ಲೂ ಮತ್ತು ಕೋವಿಡ್ ನಡುವೆ ಖಚಿತವಾಗಿ ಗೆರೆ ಎಳೆಯಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಫ್ಲೂ ಹೆಚ್ಚುತ್ತದೆ ಎಂಬುದು ಊಹೆಗೆ ಒಂದಿಷ್ಟು ನೆರವಾಗುತ್ತದೆ, ಅಷ್ಟೇ.

ಹಾಗಿದ್ದರೆ ಪರೀಕ್ಷೆ ಮಾಡಿಸಬೇಕೇ? ಫಲಿತಾಂಶ ಬಂದ ಮೇಲೆ ನೀವು ಮಾಡುವ ಕೆಲಸದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಮೊದಲು ನೋಡಬೇಕು. ನಿಮ್ಮ ಮಟ್ಟಿಗೆ ಬಹುಮಟ್ಟಿಗೆ ಇಲ್ಲ. ಮೂರರಲ್ಲಿ ಯಾವುದಾದರೂ ವಿಶ್ರಾಂತಿ, ಸಾಕಷ್ಟು ನೀರು-ಗಂಜಿ, ಜ್ವರಕ್ಕೆ ಪ್ಯಾರಸಿಟಮಾಲ್, ಆಫೀಸಿಗೆ ರಜೆ, ಮನೆಯಲ್ಲಿ ಮಾಸ್ಕ್, ಇಷ್ಟೇ. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ಅಜಿಥ್ರೋಮೈಸಿನ್ ಈ ಮೂರಕ್ಕೂ ಕೆಲಸ ಮಾಡುವುದಿಲ್ಲ, ಅದು ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಯೋಟಿಕ್, ಇವೆಲ್ಲ ವೈರಾಣುಗಳಿಂದ ಬರುವಂಥವು. ಹಲವು ವೈರಾಣುಗಳನ್ನು ಒಟ್ಟಿಗೇ ಹುಡುಕುವ, ಸಾವಿರಾರು ರೂಪಾಯಿಯ ದೊಡ್ಡ ಪ್ಯಾನೆಲ್ ಪರೀಕ್ಷೆ ಮಾಡಿಸಿ ವೈರಾಣುವಿನ ಹೆಸರು ತಿಳಿದರೂ ಗಂಜಿ ಅದೇ ಗಂಜಿ.

ನಿಮ್ಮ ತಾಯಿಯವರ ವಿಷಯ ಬೇರೆ. 65 ದಾಟಿದ ವಯಸ್ಸು ಮತ್ತು ಮಧುಮೇಹ, ಎರಡೂ ಸೇರಿ ಅವರನ್ನು ಅಪಾಯದ ಗುಂಪಿಗೆ ಸೇರಿಸುತ್ತವೆ. ಗರ್ಭಿಣಿಯರು, ಪುಟ್ಟ ಮಕ್ಕಳು, ಆಸ್ತಮಾ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ಕೂಡ ಇದೇ ಗುಂಪಿನವರು. ಫ್ಲೂಗೆ ಓಸೆಲ್ಟಾಮಿವಿರ್ ಎಂಬ ಮಾತ್ರೆಯಿದ್ದು, ಲಕ್ಷಣ ಆರಂಭವಾದ 48 ಗಂಟೆಯೊಳಗೆ ಶುರುಮಾಡಿದರೆ ಅದರ ಪ್ರಯೋಜನ ಹೆಚ್ಚು. ಕೋವಿಡ್‌ಗೆ ನಿರ್ಮಾಟ್ರೆಲ್ವಿರ್ ಮತ್ತು ರಿಟೊನಾವಿರ್ ಜೋಡಿ ಮಾತ್ರೆಯನ್ನು 5 ದಿನದೊಳಗೆ ಆರಂಭಿಸಬೇಕು, ಆದರೆ ಅದು ಕೊಲೆಸ್ಟ್ರಾಲ್ ಮತ್ತು ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳೊಡನೆ ಕೂಡಿಬರುವುದಿಲ್ಲ. ಮಾತ್ರೆ ಬೇರೆ, ಗಡುವು ಬೇರೆ, ಎಚ್ಚರಿಕೆಯೂ ಬೇರೆ. ಇಲ್ಲಿ ಯಾವ ವೈರಾಣು ಎಂಬ ಉತ್ತರಕ್ಕೆ ಬೆಲೆಯಿದೆ.

ನಿಮ್ಮ ಕಿಟ್ ಕೊಟ್ಟ ನೆಗೆಟಿವ್ ಉತ್ತರಕ್ಕೆ ಮಾತ್ರ ಅಷ್ಟು ಬೆಲೆಯಿಲ್ಲ. ಅದು ಫ್ಲೂವನ್ನು ನೋಡುವುದೇ ಇಲ್ಲ, ಮತ್ತು ಮೊದಲ ದಿನ ವೈರಾಣು ಕಡಿಮೆಯಿದ್ದರೆ ಕೋವಿಡ್ಡನ್ನೂ ತಪ್ಪಿಸಬಹುದು. ಅದಕ್ಕೇ 48 ಗಂಟೆಯ ನಂತರ ಮತ್ತೊಮ್ಮೆ ಮಾಡಲು ಹೇಳುತ್ತಾರೆ. ಆದರೆ ಅಷ್ಟು ಕಾದರೆ ಶನಿವಾರವಾಗುತ್ತದೆ, ಫ್ಲೂ ಮಾತ್ರೆಯ ಒಳ್ಳೆಯ ಅವಧಿ ಶುಕ್ರವಾರ ರಾತ್ರಿಗೇ ಮುಗಿದಿರುತ್ತದೆ. ಆದ್ದರಿಂದ ಇವತ್ತೇ ವೈದ್ಯರನ್ನು ಕಾಣಿರಿ. ಮೂಗು-ಗಂಟಲಿನ ದ್ರವದಲ್ಲಿ ಫ್ಲೂ ಮತ್ತು ಕೋವಿಡ್ ಎರಡನ್ನೂ ನೋಡುವ ಆರ್‌ಟಿ-ಪಿಸಿಆರ್ ಮಾಡಿಸಬಹುದು. ಮನೆಯಲ್ಲಿ ನಿಮಗೆ ಹೀಗಾದ ಎರಡು ದಿನಕ್ಕೆ ಅವರಿಗೆ ಜ್ವರ ಬಂದಿದೆ, ಅದು ಫ್ಲೂ ಹರಡುವ ಲೆಕ್ಕಕ್ಕೆ ಹೊಂದುತ್ತದೆ. ಇಂಥಲ್ಲಿ ಅಪಾಯದ ಗುಂಪಿನವರಿಗೆ ಫಲಿತಾಂಶಕ್ಕೆ ಕಾಯದೆಯೇ ವೈದ್ಯರು ಓಸೆಲ್ಟಾಮಿವಿರ್ ಶುರುಮಾಡುವುದುಂಟು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಇಳಿಸಬೇಕಾಗಬಹುದು, ಹೋಗುವಾಗ ಕ್ರಿಯಾಟಿನಿನ್ ವರದಿಯನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.

ಉಸಿರು ಕಟ್ಟಿದಂತಾದರೆ, ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿದರೆ, ಅವರು ಮಂಕಾಗಿ ಮಾತು ತಪ್ಪಿದರೆ, ಅಥವಾ ಇಳಿದಿದ್ದ ಜ್ವರ ಕೆಮ್ಮಿನೊಡನೆ ಮತ್ತೆ ಏರಿದರೆ ಪರೀಕ್ಷೆಯ ಚಿಂತೆ ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಬೆಂಗಳೂರಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಮೂಗು ಸೋರದೆ, ಕೆಮ್ಮೂ ಇಲ್ಲದೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಮಾತ್ರ ಇದ್ದರೆ ಗಂಟಲಿನ ಪರೀಕ್ಷೆಗಿಂತ ಮೊದಲು ಡೆಂಗಿ ನೆನಪಾಗಬೇಕು. ಅದಕ್ಕೆ ಮೊದಲ ಐದು ದಿನದೊಳಗೆ ಎನ್‌ಎಸ್1 ರಕ್ತಪರೀಕ್ಷೆ ಮಾಡಿಸುತ್ತಾರೆ, ಮತ್ತು ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನೋವಿನ ಮಾತ್ರೆಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು, ರಕ್ತಸ್ರಾವ ಹೆಚ್ಚುವ ಅಪಾಯವಿದೆ. ಹೃದಯಕ್ಕೆಂದು ನಿತ್ಯ ಆಸ್ಪಿರಿನ್ ನುಂಗುವವರು ಅದನ್ನು ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಬೇಕು.